‘ಸೇರಿಸಿ’ ಎಂಬುದು ‘ಸೇರಿಸಲಾಯಿತು’ ಆಗುವಾಗ

ನಮ್ಮ ಐಟಿ ಕೆಲಸದಲ್ಲಿ ಎರಡು ಬಗೆಯ ಕಡತಗಳಿರುತ್ತವೆ. ಸರ್ವರ್ ಕೈಕೊಟ್ಟರೆ ಏನೇನು ಮಾಡಬೇಕು ಎಂದು ಹೇಳುವ ರನ್‌ಬುಕ್ ಒಂದು. ನಿಜವಾಗಿ ಏನೇನು ನಡೆಯಿತು ಎಂದು ಗಂಟೆ ನಿಮಿಷ ಸಮೇತ ದಾಖಲಿಸುವ ಲಾಗ್ ಇನ್ನೊಂದು. ರನ್‌ಬುಕ್ಕಿನ ಕ್ರಿಯಾಪದಗಳನ್ನೆಲ್ಲ ಭೂತಕಾಲಕ್ಕೆ ತಿರುಗಿಸಿ ಇದೇ ಲಾಗ್ ಎಂದು ಯಾರಾದರೂ ಕೊಟ್ಟರೆ ನಾವು ಒಪ್ಪುವುದಿಲ್ಲ. ಪ್ರಯೋಗಾಲಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ ಎಂದು ನನಗೆ ತಿಳಿದದ್ದು ತಂಗಿಯ ಪ್ರಬಂಧದಿಂದ.

ಅವಳು ಇಲ್ಲಿ ಪುಣೆಯಲ್ಲಿ ಆಹಾರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ ನಮ್ಮ ಹುರುಳಿ. ಹುರುಳಿಯಲ್ಲಿ ಒಟ್ಟು ಎಷ್ಟು ಫೀನಾಲಿಕ್ ಅಂಶವಿದೆ ಎಂದು ಅಳೆಯುವುದು ಅವಳ ಮೊದಲ ಪ್ರಬಂಧದ ಒಂದು ಭಾಗ. ಲ್ಯಾಬಿನ ಗೋಡೆಗೆ ಅಂಟಿಸಿದ್ದ ಹಾಳೆಯ ಫೋಟೊ ಕಳಿಸಿ, “ಅಣ್ಣ, ಇದನ್ನ ಮೆಥಡ್ಸ್ ಭಾಗಕ್ಕೆ ಹೊಂದೋ ಹಾಗೆ ಬರೆದಿದ್ದೀನಿ, ಒಂದ್ಸಲ ನೋಡು” ಎಂದಳು. ಹಾಳೆ ಇಂಗ್ಲಿಷಿನಲ್ಲಿತ್ತು, ಸಾರ ಇಷ್ಟು:

ಒಂದು ಗ್ರಾಂ ಹಿಟ್ಟಿಗೆ 20 ಮಿ.ಲೀ. 80% ಮೆಥನಾಲ್ ಹಾಕಿ. ರಾತ್ರಿಯಿಡೀ ಶೇಕರ್ ಮೇಲಿಡಿ. 10,000 ಆರ್‌ಪಿಎಂನಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ತಿಳಿಯಿಂದ 0.5 ಮಿ.ಲೀ. ತೆಗೆದುಕೊಳ್ಳಿ. ಹತ್ತು ಪಟ್ಟು ತೆಳುವಾಗಿಸಿದ ಫೋಲಿನ್ ದ್ರಾವಣ 2.5 ಮಿ.ಲೀ. ಸೇರಿಸಿ. ಐದು ನಿಮಿಷ ಬಿಟ್ಟು 7.5% ಸೋಡಿಯಂ ಕಾರ್ಬೊನೇಟ್ 2 ಮಿ.ಲೀ. ಸೇರಿಸಿ. ಕತ್ತಲಲ್ಲಿ 30ರಿಂದ 60 ನಿಮಿಷ ಇಡಿ. 765 ನ್ಯಾನೊಮೀಟರಿನಲ್ಲಿ ಓದಿ. ಟ್ಯೂಬುಗಳಿಗೆ ಲೇಬಲ್ ಹಚ್ಚಲು ಮರೆಯಬೇಡಿ.

ಅವಳ ಬರಹದಲ್ಲಿ ಪ್ರತಿ ‘ಸೇರಿಸಿ’ಯೂ ‘ಸೇರಿಸಲಾಯಿತು’ ಆಗಿತ್ತು. ವ್ಯಾಕರಣದಲ್ಲಿ ಕುಂದಿರಲಿಲ್ಲ. ಲೇಬಲ್ಲಿನ ಸಾಲನ್ನು ಬಿಟ್ಟದ್ದೂ ಸರಿಯೇ. ಅದು ಕೆಲಸಗಾರನಿಗೆ ಕೊಟ್ಟ ಎಚ್ಚರಿಕೆ, ಫಲಿತಾಂಶವನ್ನು ಬದಲಿಸುವ ಸಂಗತಿಯಲ್ಲ. ಆದರೆ ‘30ರಿಂದ 60 ನಿಮಿಷ ಇಡಲಾಯಿತು’ ಎಂಬ ಸಾಲು ಕಣ್ಣಿಗೆ ಕುಕ್ಕಿತು. ಸೂಚನೆಯಲ್ಲಿ ‘30ರಿಂದ 60’ ಎಂದರೆ ಅನುಮತಿ. ಭೂತಕಾಲದಲ್ಲಿ ಅದೇ ಮಾತಿಗೆ, ಕೆಲವು ಟ್ಯೂಬುಗಳನ್ನು 30 ನಿಮಿಷ, ಕೆಲವನ್ನು 60 ನಿಮಿಷ ಇಟ್ಟೆವು ಎಂಬ ಅರ್ಥ ಬರುತ್ತದೆ. “ನೀನು ನಿಜವಾಗಿ ಎಷ್ಟು ಹೊತ್ತು ಇಟ್ಟೆ?” ಎಂದು ಕೇಳಿ, ಅವಳ ಲ್ಯಾಬ್ ನೋಟ್‌ಬುಕ್ ತರಿಸಿಕೊಂಡೆ. ಆಮೇಲೆ ಹಾಳೆಯನ್ನು ಪಕ್ಕಕ್ಕಿಟ್ಟು ನೋಟ್‌ಬುಕ್ಕಿನಿಂದಲೇ ಬರೆಯುತ್ತ ಹೋದೆವು.

‘ರಾತ್ರಿಯಿಡೀ’ ಎಂಬುದು ನೋಟ್‌ಬುಕ್ಕಿನಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಹತ್ತು ಎಂದಿತ್ತು. ಹಾಗಾಗಿ ‘16 ಗಂಟೆ’ ಎಂದು ಬರೆದೆವು. ಆರ್‌ಪಿಎಂ ಕಡೆಗೆ ಸ್ವಲ್ಪ ಹೆಚ್ಚು ಗಮನ ಬೇಕಾಯಿತು. ಅದು ಯಂತ್ರ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಎಂದು ಹೇಳುತ್ತದೆಯೇ ಹೊರತು ಟ್ಯೂಬಿನೊಳಗಿನ ಹಿಟ್ಟು ಎಷ್ಟು ಬಲವಾಗಿ ತಳಕ್ಕೆ ಒತ್ತಿತು ಎಂದಲ್ಲ. ಆ ಬಲ ರೋಟರಿನ ತ್ರಿಜ್ಯವನ್ನೂ ಅವಲಂಬಿಸಿದೆ. ಲೆಕ್ಕ ಹೀಗೆ, ತ್ರಿಜ್ಯ ಸೆಂಟಿಮೀಟರಿನಲ್ಲಿ:

```
RCF = 1.118 × 10^-5 × r × rpm^2
```

ಅವಳ ರೋಟರಿನ ತ್ರಿಜ್ಯ 8.4 ಸೆಂ.ಮೀ. ಆದ್ದರಿಂದ 10,000 ಆರ್‌ಪಿಎಂಗೆ ಬಲ ಸುಮಾರು 9,400 × g. ಧಾರವಾಡದ ಲ್ಯಾಬೊಂದರಲ್ಲಿ 10 ಸೆಂ.ಮೀ. ರೋಟರ್ ಇದ್ದರೆ ಅದೇ ವೇಗಕ್ಕೆ ಸುಮಾರು 11,200 × g ಆಗುತ್ತದೆ. ಹೀಗಾಗಿ ಪ್ರಬಂಧದಲ್ಲಿ ಬರೆಯಬೇಕಾದದ್ದು × g ಸಂಖ್ಯೆ. ಅದನ್ನು ಓದಿದವರು ತಮ್ಮ ಯಂತ್ರಕ್ಕೆ ತಕ್ಕ ವೇಗವನ್ನು ತಾವೇ ಲೆಕ್ಕ ಹಾಕಿಕೊಳ್ಳಬಹುದು.

ಹಾಳೆಯಲ್ಲಿಲ್ಲದ ಒಂದು ಹೆಜ್ಜೆಯೂ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಮೊದಲ ದಿನ ನೀಲಿ ಬಣ್ಣ ತೀರಾ ಗಾಢವಾಗಿ ಬಂದು, ಓದು ಗ್ಯಾಲಿಕ್ ಆಮ್ಲದ ಮಾನಕ ರೇಖೆಯನ್ನು ಮೀರಿ ಹೋಗಿತ್ತು. ಆ ರೇಖೆಯ ಆಚೆಗಿನ ಓದನ್ನು ನಂಬುವಂತಿಲ್ಲ. ಹಾಗಾಗಿ ಅವಳು ಸಾರವನ್ನು ಐದು ಪಟ್ಟು ತೆಳುವಾಗಿಸಿ ಮತ್ತೆ ಮಾಡಿದ್ದಳು. ಪ್ರಬಂಧದಲ್ಲಿ ಈ ಸಾಲು ಬಿಟ್ಟುಹೋದರೆ, ಅವಳ ಲೆಕ್ಕವನ್ನು ಪರೀಕ್ಷಿಸುವವರಿಗೆ ಉತ್ತರ ಐದನೇ ಒಂದು ಭಾಗವಷ್ಟೇ ಸಿಗುತ್ತದೆ. ಹಾಳೆಯನ್ನು ಮಾತ್ರ ಭೂತಕಾಲಕ್ಕೆ ತಿರುಗಿಸಿದ್ದರೆ ಈ ಹೆಜ್ಜೆ ಎಲ್ಲಿಯೂ ಕಾಣುತ್ತಿರಲಿಲ್ಲ.

ಫೋಲಿನ್ ಮೊದಲು, ಕಾರ್ಬೊನೇಟ್ ಆಮೇಲೆ ಎಂಬ ಕ್ರಮವನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡೆವು. ‘ಫೋಲಿನ್ ಮತ್ತು ಕಾರ್ಬೊನೇಟ್ ಸೇರಿಸಲಾಯಿತು’ ಎಂದು ಎರಡನ್ನೂ ಒಂದೇ ವಾಕ್ಯದಲ್ಲಿ ಮುಗಿಸಿದರೆ ಓದಲು ಚೆನ್ನ. ಆದರೆ ಫೋಲಿನ್ ದ್ರಾವಣ ಕ್ಷಾರದಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ. ಅದು ಮಾದರಿಯೊಡನೆ ಮೊದಲೇ ಬೆರೆತಿದ್ದು, ಆಮೇಲೆ ಕಾರ್ಬೊನೇಟ್ ಬೀಳಬೇಕು. ‘ಐದು ನಿಮಿಷದ ನಂತರ’ ಎಂಬ ಪದಗಳು ಅಲ್ಲಿರಲೇಬೇಕು.

ಆಮೇಲೆ ಆ 30 ನಿಮಿಷದ ಪ್ರಶ್ನೆಗೆ ಬಂದೆವು. ಮಾನಕಗಳನ್ನೂ ಹೆಚ್ಚಿನ ಮಾದರಿಗಳನ್ನೂ ಅವಳು ಸರಿಯಾಗಿ 30 ನಿಮಿಷಕ್ಕೇ ಓದಿದ್ದಳು. ಒಂದು ದಿನ ಮಾತ್ರ ಸ್ಪೆಕ್ಟ್ರೊಫೋಟೊಮೀಟರ್ ಬೇರೆಯವರ ಕೈಯಲ್ಲಿತ್ತು. ಮೊಳಕೆ ಹುರುಳಿಯ ಮೂರು ಟ್ಯೂಬುಗಳನ್ನು ಓದಿದಾಗ 50 ನಿಮಿಷ ಕಳೆದಿತ್ತು. ಪಕ್ಕದ ಅಂಚಿನಲ್ಲಿ ಅವಳೇ ಗುರುತು ಹಾಕಿದ್ದಳು. ಮೊಳಕೆ ಬಂದಾಗ ಫೀನಾಲಿಕ್ ಅಂಶ ಹೆಚ್ಚುತ್ತದೆ ಎಂಬುದೇ ಅವಳ ಪ್ರಬಂಧದ ಮುಖ್ಯ ಮಾತು, ಆ ಟ್ಯೂಬುಗಳೇ ಅದಕ್ಕೆ ಆಧಾರ.

“ಹಾಳೇಲಿ 60ರವರೆಗೂ ಇಡಬಹುದು ಅಂತ ಇದೆಯಲ್ಲ” ಎಂದಳು.

“ಬಣ್ಣ ಹೊತ್ತು ಹೋದ ಹಾಗೆ ಬದಲಾಗತ್ತೆ ಅಂತ ನೀನೇ ಹೇಳಿದೆ. ಮಾನಕ 30 ನಿಮಿಷದ್ದು, ಮಾದರಿ 50 ನಿಮಿಷದ್ದು ಆದರೆ, ಹೆಚ್ಚಾಗಿದ್ದು ಮೊಳಕೆಯಿಂದಲೋ ಕಾದಿದ್ದರಿಂದಲೋ?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘30 ನಿಮಿಷ ಇಡಲಾಯಿತು’ ಎಂದು ಎಲ್ಲದಕ್ಕೂ ಸೇರಿಸಿ ಬರೆದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕರ್ಮಣಿ ಪ್ರಯೋಗದಲ್ಲಿ ಮಾಡಿದವರ ಹೆಸರೇ ಇರುವುದಿಲ್ಲ, ಅದರ ಹಿಂದೆ ಅಡಗುವುದು ಸುಲಭ. ಅವಳ ಮುಂದೆ ಎರಡು ದಾರಿಗಳಿದ್ದವು: 50 ನಿಮಿಷ ಎಂದು ಇದ್ದದ್ದನ್ನೇ ಬರೆಯುವುದು, ಅಥವಾ ಆ ಮೂರನ್ನು ಮತ್ತೆ ಮಾಡುವುದು. ಅವಳು ಎರಡನೆಯದನ್ನು ಆರಿಸಿದಳು. ಉಳಿದಿದ್ದ ಹಿಟ್ಟಿನಿಂದ ಸಾರ ತೆಗೆದು, ಹೊಸ ಮಾನಕಗಳ ಜೊತೆಗೇ ಓದಿದಳು. ಸಂಖ್ಯೆ ಮೊದಲಿಗಿಂತ ತುಸು ಇಳಿಯಿತು. ಮೊಳಕೆ ಹುರುಳಿಯೇ ಮುಂದಿತ್ತು, ಆದರೆ ಮೊದಲು ಕಂಡಷ್ಟು ಅಂತರದಲ್ಲಿ ಅಲ್ಲ. ಪ್ರಬಂಧದ ಸಾರಾಂಶದಲ್ಲಿದ್ದ ‘ಗಣನೀಯವಾಗಿ’ ಎಂಬ ಪದವನ್ನು ಅವಳೇ ಹೊಡೆದುಹಾಕಿದಳು.

ಮೊದಲ ಸಾಲಿನಲ್ಲಿ, ‘ಸಿಂಗಲ್ಟನ್ ಮತ್ತು ರೋಸಿ (1965) ವಿಧಾನವನ್ನು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಅನುಸರಿಸಲಾಯಿತು’ ಎಂದಿತ್ತು. ಈ ವಾಕ್ಯ ಇಂಥ ಪ್ರಬಂಧಗಳಲ್ಲಿ ಸಾಮಾನ್ಯ. ಹೆಸರು ಉಳಿಸಿ, ‘ಸಣ್ಣಪುಟ್ಟ’ದ ಜಾಗದಲ್ಲಿ ಬದಲಾವಣೆಗಳನ್ನೇ ಬರೆದೆವು. ಕೊನೆಗೆ ಮುಖ್ಯ ಭಾಗ ಕನ್ನಡದಲ್ಲಿ ಹೇಳುವುದಾದರೆ ಹೀಗೆ ನಿಂತಿತು:

‘ಐದು ಪಟ್ಟು ತೆಳುವಾಗಿಸಿದ ಸಾರಕ್ಕೆ (0.5 ಮಿ.ಲೀ.) ಹತ್ತು ಪಟ್ಟು ತೆಳುವಾಗಿಸಿದ ಫೋಲಿನ್ ದ್ರಾವಣವನ್ನು (2.5 ಮಿ.ಲೀ.) ಸೇರಿಸಿ, ಐದು ನಿಮಿಷದ ನಂತರ 7.5% ಸೋಡಿಯಂ ಕಾರ್ಬೊನೇಟ್ (2 ಮಿ.ಲೀ.) ಬೆರೆಸಲಾಯಿತು. ಕತ್ತಲಲ್ಲಿ 30 ನಿಮಿಷ ಇಟ್ಟು, 765 ನ್ಯಾನೊಮೀಟರಿನಲ್ಲಿ ಬೆಳಕಿನ ಹೀರಿಕೆಯನ್ನು ಅಳೆಯಲಾಯಿತು. ಪ್ರತಿ ಮಾದರಿಯನ್ನು ಮೂರು ಬಾರಿ ಪರೀಕ್ಷಿಸಲಾಯಿತು.’

ಇದನ್ನು ಬೇರೆ ಲ್ಯಾಬಿನ ಗೆಳತಿಗೆ ಕೊಟ್ಟು, “ನನಗೆ ಫೋನ್ ಮಾಡದೆ ಇದನ್ನ ಮಾಡೋಕಾಗತ್ತಾ ನೋಡು” ಎಂದಳು. ಅವಳಿಂದ ಒಂದೇ ಪ್ರಶ್ನೆ ಬಂತು: “ಎಷ್ಟು ಉಷ್ಣಾಂಶದಲ್ಲಿ?” ಹಾಳೆಯಲ್ಲಿ ಅದರ ಮಾತೇ ಇರಲಿಲ್ಲ. ಪುಣೆಯ ಮೇ ತಿಂಗಳ ಕೋಣೆಯೂ ಡಿಸೆಂಬರಿನ ಕೋಣೆಯೂ ಒಂದೇ ಅಲ್ಲ. ನೋಟ್‌ಬುಕ್ಕಿನಲ್ಲಿ ಪ್ರತಿ ದಿನದ ಪುಟದ ಮೇಲೂ 25 ಡಿಗ್ರಿ ಎಂದು ಬರೆದಿತ್ತು. ‘ಕತ್ತಲಲ್ಲಿ’ ಎಂಬ ಪದದ ಮುಂದೆ ಅದನ್ನೂ ಸೇರಿಸಲಾಯಿತು.