ಬಾಟಲಿ ಬದಲಾಯಿತು, ಔಷಧ ಬದಲಾಗಲಿಲ್ಲ

ಕಳೆದ ಶ್ರಾವಣದಲ್ಲಿ ಬಬಲೇಶ್ವರದ ಕಾಕಾ ಒಬ್ಬರು ಫೋನ್ ಮಾಡಿ ಕೇಳಿದರು: “ಪ್ರತಿ ಸಲ ಜಂತಿನ ಔಷಧ ಬದಲ್ ಮಾಡೀನಿ. ಆದ್ರೂ ಆಡು ಯಾಕ ಸಾಯಾಕತ್ಯಾವ?” ಆಗ ನಾನು ಕೊಟ್ಟ ಉತ್ತರ ನನಗೇ ಸಮಾಧಾನವಾಗಲಿಲ್ಲ. ರಜೆಯಲ್ಲಿ ಅವರ ದೊಡ್ಡಿಗೆ ಹೋಗಿ ನೋಡಿ, ಹಾಸ್ಟೆಲ್ಲಿಗೆ ಮರಳಿದ ಮೇಲೆ ಬರೆದ ಪತ್ರ ಇದು.

ಕಾಕಾ, ನಮಸ್ಕಾರ.

ನೀವು ತೋರಿಸಿದ ಬಾಟಲಿಗಳಲ್ಲಿ ಒಂದು ಆಲ್ಬೆಂಡಜೋಲ್, ಇನ್ನೊಂದು ಫೆನ್‌ಬೆಂಡಜೋಲ್. ಹೆಸರು ಬೇರೆಯಾದರೂ ಎರಡೂ ಒಂದೇ ಗುಂಪಿನ ಔಷಧಗಳು. ಅವು ಜಂತನ್ನು ಕೊಲ್ಲುವ ದಾರಿಯೂ ಒಂದೇ. ಅಂದರೆ ಒಂದಕ್ಕೆ ಬಗ್ಗದ ಜಂತು ಇನ್ನೊಂದಕ್ಕೂ ಬಗ್ಗುವುದಿಲ್ಲ. ಲೆವಮಿಸೋಲ್ ಬೇರೆ ಗುಂಪು, ಐವರ್ಮೆಕ್ಟಿನ್ ಮತ್ತೊಂದು ಗುಂಪು. ಬಾಟಲಿಯ ಮೇಲಿನ ದೊಡ್ಡ ಅಕ್ಷರ ಬಿಟ್ಟು, ಕೆಳಗಿನ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿಸಿ.

ಇನ್ನೊಂದು ತಪ್ಪು ಅಳತೆಯದು. ಎಲ್ಲಕ್ಕೂ ಆರು ಎಂ.ಎಲ್. ಕುಡಿಸುತ್ತಿದ್ದಿರಿ. ಆಡಿನ ದೇಹ ಔಷಧವನ್ನು ಕುರಿಗಿಂತ ಬೇಗ ಹೊರಹಾಕುತ್ತದೆ, ಹಾಗಾಗಿ ಕೆಜಿಗೆ 10 ಮಿಲಿಗ್ರಾಂ ಬೇಕು. ನಿಮ್ಮ ಬಾಟಲಿಯ ಒಂದು ಎಂ.ಎಲ್.ನಲ್ಲಿರುವುದು 25 ಮಿಲಿಗ್ರಾಂ. 30 ಕೆಜಿಯ ಆಡಿಗೆ 12 ಎಂ.ಎಲ್. ಆಗುತ್ತದೆ. ಅರ್ಧ ಅಳತೆಗೆ ದುರ್ಬಲ ಜಂತು ಸತ್ತು, ಗಟ್ಟಿಯವು ಉಳಿದು ಮೊಟ್ಟೆ ಇಟ್ಟವು.

ನಾನು ಬಂದಾಗ ತೂಕ ಹಾಕಿ ಪೂರ್ತಿ ಅಳತೆ ಕುಡಿಸಿದೆವು. ಅದಕ್ಕೆ ಮೊದಲು ಒಂದು ಗ್ರಾಂ ಹಿಕ್ಕೆಯಲ್ಲಿ ಸರಾಸರಿ 1200 ಮೊಟ್ಟೆ ಇದ್ದವು. ಹದಿನಾಲ್ಕು ದಿನದ ಮೇಲೆ 900. ಔಷಧ ಕೆಲಸ ಮಾಡಿದ್ದರೆ 60ಕ್ಕಿಂತ ಕಡಿಮೆ ಇರಬೇಕಿತ್ತು. ಆ ಗುಂಪನ್ನು ನಿಮ್ಮ ದೊಡ್ಡಿಯಲ್ಲಿ ಇನ್ನು ನಂಬುವಂತಿಲ್ಲ.

ಈ ವರ್ಷ ಲೆವಮಿಸೋಲ್ ಹಿಡಿಯೋಣ. ಅಳತೆಯನ್ನು ಅಲ್ಲಿಯ ಡಾಕ್ಟರ್ ಬರೆದುಕೊಡಲಿ. ಹೆಚ್ಚಾದರೆ ಆಡು ಜೊಲ್ಲು ಸುರಿಸಿ ನಡುಗುತ್ತದೆ. ಗಬ್ಬದ ಆಡುಗಳಿದ್ದರೆ ಅವರಿಗೆ ಮೊದಲೇ ಹೇಳಿ. ಗುಂಪನ್ನು ಪ್ರತಿ ಸಲ ಬದಲಿಸಬೇಡಿ, ವರ್ಷಕ್ಕೊಮ್ಮೆ ಹಿಕ್ಕೆ ನೋಡಿಸಿ ತೀರ್ಮಾನಿಸೋಣ.

ಬೇಸಿಗೆಯಲ್ಲಿ ಇಡೀ ಹಿಂಡಿಗೆ ಕುಡಿಸುವುದು ಬೇಡ. ನಮ್ಮ ಬಿಸಿಲಿಗೆ ಹುಲ್ಲಿನ ಮೇಲಿನ ಮರಿಜಂತು ಹೆಚ್ಚಿನವು ಸತ್ತಿರುತ್ತವೆ. ಆಗ ಕುಡಿಸಿದರೆ ಔಷಧಕ್ಕೆ ಬಗ್ಗದ ಜಂತಿನ ಸಂತತಿಯೇ ಮುಂದಿನ ಮಳೆಗೆ ಹೊಲ ತುಂಬುತ್ತದೆ. ಮಳೆ ಹಿಡಿದು ಹಸಿರು ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಕೆಳರೆಪ್ಪೆ ಮಗುಚಿ ನೋಡಿ. ಒಳಗೆ ಕೆಂಪಿದ್ದರೆ ಬಿಟ್ಟುಬಿಡಿ. ಬಿಳಿಚಿದ್ದರೆ, ಗದ್ದದ ಕೆಳಗೆ ನೀರು ತುಂಬಿದ್ದರೆ, ರಕ್ತ ಹೀರುವ ಜಂತು ಹೆಚ್ಚಾಗಿದೆ ಎಂದು ತಿಳಿದು ಅದಕ್ಕೆ ಮಾತ್ರ ಕುಡಿಸಿ. ಔಷಧ ಕಾಣದ ಆಡುಗಳ ಹೊಟ್ಟೆಯಲ್ಲಿ ಉಳಿಯುವ ಮೆತ್ತನೆಯ ಜಂತುಗಳೇ ಗಟ್ಟಿಯವುಗಳ ಜೊತೆ ಬೆರೆತು ನಿಮ್ಮ ಔಷಧದ ಆಯಸ್ಸು ಹೆಚ್ಚಿಸುತ್ತವೆ.

ಕೊಟ್ಟ ಆಡಿನ ಕಿವಿಗೆ ಬಣ್ಣ ಹಚ್ಚಿ, ತಾರೀಖು ಬರೆದಿಡಿ. ಮುಂದಿನ ರಜೆಗೆ ಬಂದಾಗ ಆ ಪುಸ್ತಕ ನೋಡುತ್ತೇನೆ.

ಪತ್ರ ಸೇರಿದ ಮೇಲೆ ಕಾಕಾ ಫೋನಿನಲ್ಲಿ ಇಷ್ಟೇ ಹೇಳಿದರು: “ಜಂತು ಉಳಿಸೋದೂ ಕಲೀಬೇಕಂದಂಗಾತು.” ಸಂಶೋಧನೆಗೆ ಕುಳಿತು ಇದನ್ನು ಅರ್ಥಮಾಡಿಕೊಳ್ಳಲು ನನಗೆ ಬಹಳ ದಿನ ಹಿಡಿದಿತ್ತು.