ತಮ್ಮನಿಗೆ ಒಂದು ಪತ್ರ

ಸಿರುಗುಪ್ಪ

ಪ್ರೀತಿಯ ತಮ್ಮ,

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಸಿಟ್ಟು ಬರುತ್ತದೆ, ನಿನಗೆ ಅಳು ಬರುತ್ತದೆ, ಹೇಳಬೇಕಾದ ಮಾತು ಅಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಶ್ರಾವಣದ ಆ ಸೋಮವಾರ ನಡೆದದ್ದನ್ನು ನಾನು ನಿನಗೆ ಪೂರ್ತಿ ಹೇಳಿಲ್ಲ. ಅಪ್ಪ ಎಂದಿನಂತೆ ಉಪವಾಸ ಇದ್ದರು. ಬೆಳಿಗ್ಗೆ ಮಾತ್ರೆ ನುಂಗಿ, ಬರೀ ಚಹಾ ಕುಡಿದು, ದೊಡ್ಡಬಸವೇಶ್ವರನ ಗುಡಿಗೆ ಹೋಗಿ ಬಂದಿದ್ದರು. ಹನ್ನೊಂದು ಗಂಟೆಗೆ ನಾನು ಏಳನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಕುರುಗೋಡಿನಿಂದ ಅವ್ವನ ಫೋನು ಬಂತು. "ಯವ್ವಾ, ನಿಮ್ಮಪ್ಪ ಯಾಕೋ ಸರಿಯಾಗಿ ಮಾತಾಡವಲ್ಲರು. ಮೈಯೆಲ್ಲಾ ಬೆವರೈತಿ, ಕೈ ನಡುಗಾಕತ್ತೈತಿ. ನಿದ್ದಿ ಬಂದಿರಬೇಕು ಅಂತ ಮಲಗಿಸೀನಿ" ಅಂದಳು.

ಬೆವರು, ನಡುಕ, ತೊದಲು ಮಾತು. ಸಕ್ಕರೆ ಕಾಯಿಲೆಯವರಲ್ಲಿ ಇದು ನಿದ್ದೆಯಲ್ಲ, ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂಬುದರ ಗುರುತು. ಪಕ್ಕದ ಮನೆಯ ಹುಡುಗನನ್ನು ಕರೆಸಿ ಯಂತ್ರದಲ್ಲಿ ನೋಡಿಸಿದೆ. 52 ಇತ್ತು. 70ಕ್ಕಿಂತ ಕೆಳಗೆ ಹೋಗಬಾರದು. "ಎದ್ದು ಕೂತು ತಾವಾಗಿಯೇ ನುಂಗುತ್ತಾರಾ?" ಎಂದು ಕೇಳಿದೆ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಿದರೆ ಉಸಿರುನಾಳಕ್ಕೆ ಹೋಗುತ್ತದೆ. ಆಗ ಏನೂ ಹಾಕದೆ ಆಸ್ಪತ್ರೆಗೇ ಓಡಬೇಕು. ಪುಣ್ಯಕ್ಕೆ ಅಪ್ಪನಿಗೆ ಎಚ್ಚರವಿತ್ತು. ಅವ್ವ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಹದಿನೈದು ನಿಮಿಷ ಬಿಟ್ಟು ನೋಡಿದರೆ 64. ಮತ್ತೊಮ್ಮೆ ಕುಡಿಸಿದ ಮೇಲೆ 88ಕ್ಕೆ ಬಂತು. ಉಪವಾಸ ಮುರಿಸಿ ಅನ್ನ ಮಜ್ಜಿಗೆ ಉಣ್ಣಿಸಿದಳು. ನಾನು ಕಾರು ಮಾಡಿಕೊಂಡು ಕುರುಗೋಡಿಗೆ ಹೋಗಿ ಅವರನ್ನು ಬಳ್ಳಾರಿಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ಅಪ್ಪನ ಮಾತ್ರೆ ಚೀಲವನ್ನು ಮೇಜಿನ ಮೇಲೆ ಸುರುವಿ, ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರು. ಒಂದು, ಕುರುಗೋಡಿನ ಡಾಕ್ಟರು ಹಿಂದಿನಿಂದ ಕೊಡುತ್ತಿದ್ದದ್ದು. ಇನ್ನೊಂದು, ಎರಡು ತಿಂಗಳ ಹಿಂದೆ ಬಳ್ಳಾರಿಯ ಬೇರೊಬ್ಬ ಡಾಕ್ಟರು ಬರೆದದ್ದು. ಬಣ್ಣ ಬೇರೆ, ಕಂಪನಿ ಬೇರೆ, ದೊಡ್ಡ ಅಕ್ಷರದ ಹೆಸರೂ ಬೇರೆ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡರ ಮೇಲೂ ಗ್ಲಿಮಿಪಿರೈಡ್ ಎಂದೇ ಇತ್ತು. ಸಕ್ಕರೆ ಇಳಿಸುವ ಒಂದೇ ಔಷಧಿಯನ್ನು ಅಪ್ಪ ಎರಡು ಹೆಸರಿನಲ್ಲಿ ನುಂಗುತ್ತಿದ್ದರು. ದಿನವೂ ಹೊಟ್ಟೆ ತುಂಬ ರೊಟ್ಟಿ ಉಣ್ಣುತ್ತಿದ್ದುದರಿಂದ ಹೇಗೋ ನಡೆದಿತ್ತು. ಉಪವಾಸದ ದಿನ ಕೈಕೊಟ್ಟಿತು. ಈ ಮಾತ್ರೆಯ ಪ್ರಭಾವ ಬಹಳ ಹೊತ್ತು ಇರುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು ಎಂದು ಆ ರಾತ್ರಿ ಅಲ್ಲೇ ಉಳಿಸಿಕೊಂಡರು.

ಮರುದಿನ ನೀನು ಫೋನಿನಲ್ಲಿ, "ಅಕ್ಕಾ, ನೀನು ನೋಡಲಿಲ್ಲವಾ?" ಎಂದೆ. ಆ ಮಾತು ನನ್ನ ಎದೆಯಲ್ಲಿ ಇನ್ನೂ ಚುಚ್ಚುತ್ತಿದೆ. ಯಾಕೆಂದರೆ ಅದು ನಿಜ. ಎರಡನೇ ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಚೀಟಿ ಒಯ್ಯಲು ನಾನೇ ಮರೆತಿದ್ದೆ. ಅವತ್ತು ಶಾಲೆಯಲ್ಲಿ ಪರೀಕ್ಷೆ, ಮನೆಯಲ್ಲಿ ಅತ್ತೆಗೆ ಜ್ವರ, ಬಸ್ಸು ತಪ್ಪಿತ್ತು. ಇದನ್ನು ನೆಪ ಎನ್ನಬೇಡ. ಒಂದೇ ತಲೆಯಲ್ಲಿ ಎಲ್ಲವನ್ನೂ ಇಟ್ಟರೆ ಒಂದಾದರೂ ಜಾರುತ್ತದೆ. ಅದನ್ನೇ ಹೇಳುತ್ತಿದ್ದೇನೆ.

ನೀನು ತಪ್ಪದೆ ದುಡ್ಡು ಕಳಿಸುತ್ತೀ. ಅದಿಲ್ಲದಿದ್ದರೆ ಆ ರಾತ್ರಿಯ ಆಸ್ಪತ್ರೆ ಬಿಲ್ಲು ನನಗೆ ಕಷ್ಟವಾಗುತ್ತಿತ್ತು. ಆದರೆ ದುಡ್ಡು ಮಾತ್ರೆ ಕೊಳ್ಳುತ್ತದೆ, ಅದರ ಮೇಲಿನ ಸಣ್ಣ ಅಕ್ಷರ ಓದುವುದಿಲ್ಲ. ಅದನ್ನು ನೀನು ಓದಬೇಕು. ಅದಕ್ಕೆ ಕುರುಗೋಡಿನಲ್ಲೇ ಇರಬೇಕೆಂದಿಲ್ಲ, ಟೆಕ್ಸಾಸಿನಲ್ಲಿ ಕೂತೇ ಓದಬಹುದು.

ಆದ್ದರಿಂದ ಇನ್ನು ಮುಂದೆ ಮಾತ್ರೆಗಳ ಲೆಕ್ಕ ನಿನ್ನದು. ಯಾವ ಡಾಕ್ಟರು ಏನು ಬರೆದರೂ ಚೀಟಿಯದೂ ಮಾತ್ರೆ ಪಟ್ಟಿಯ ಹಿಂಬದಿಯದೂ ಫೋಟೋ ನಿನಗೆ ಬರುತ್ತದೆ. ನೀನು ಒಂದೇ ಹಾಳೆಯಲ್ಲಿ ಔಷಧಿಯ ಅಸಲು ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾರು ಬರೆದರು, ಯಾವತ್ತಿನಿಂದ ಎಂದು ಬರೆದಿಡಬೇಕು. ಒಂದೇ ಹೆಸರು ಎರಡು ಸಲ ಕಂಡರೆ ಆ ಕೂಡಲೇ ನನಗೆ ಫೋನು ಮಾಡು, ನಾನು ಡಾಕ್ಟರನ್ನು ಕೇಳುತ್ತೇನೆ. ನಾವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸುವುದು ಬೇಡ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಆ ಹಾಳೆ ನನ್ನ ಕೈಯಲ್ಲಿರಬೇಕು. ಕರೆದುಕೊಂಡು ಹೋಗುವ ಕೆಲಸ ನನ್ನದು.

ಎರಡನೆಯದು, ಬೆಳಗಿನ ಫೋನು. ಅಪ್ಪ ಏಳು ಗಂಟೆಗೆ ಸಕ್ಕರೆ ನೋಡಿಕೊಳ್ಳುವಾಗ ನಿನಗೆ ಹಿಂದಿನ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಆ ಹೊತ್ತಿಗೆ ನಾನು ಒಲೆಯ ಮುಂದೆ ಇರುತ್ತೇನೆ, ನೀನು ಕೆಲಸ ಮುಗಿಸಿ ಮನೆಯಲ್ಲಿರುತ್ತೀ. "ಹೆಂಗದೀರಿ?" ಎಂದು ಕೇಳಬೇಡ. "ಆರಾಮ ಅದೀನಿ" ಎಂದೇ ಹೇಳುತ್ತಾರೆ. ಆಸ್ಪತ್ರೆಯ ಹಾಸಿಗೆಯಲ್ಲೂ ನನಗೆ ಏನು ಹೇಳಿದರು ಗೊತ್ತೇ? "ಅವನಿಗೆ ಹೇಳಬ್ಯಾಡ. ಅಲ್ಲಿ ಕುಂತು ಏನ್ ಮಾಡ್ಯಾನು? ಸುಮ್ಮನೆ ಚಿಂತಿ ಹಚ್ಚಿಕೊಳ್ತಾನ." ಅದಕ್ಕೆ ನೀನು, "ಇವತ್ತು ಎಷ್ಟು ಬಂತು? ಏನು ತಿಂದಿರಿ?" ಎಂದು ಕೇಳು. ಭಾನುವಾರ ವಿಡಿಯೋದಲ್ಲಿ ಅಂಗಾಲು ತೋರಿಸಲು ಹೇಳು. ಸಕ್ಕರೆ ಕಾಯಿಲೆಯಲ್ಲಿ ಕಾಲಿನ ಸ್ಪರ್ಶ ಮಂದವಾಗಿ ಗಾಯವಾದರೂ ನೋವು ತಿಳಿಯದಿರಬಹುದು. ಬಗ್ಗಿ ನೋಡಿಕೊಳ್ಳಲು ಅವರಿಗೆ ಆಗುವುದಿಲ್ಲ, ಅವ್ವನ ಕಣ್ಣಿಗೆ ಪೊರೆ ಬಂದಿದೆ. ಅವ್ವ ಫೋನು ಹಿಡಿಯಲಿ, ನೀನು ನೋಡು.

ಮೂರನೆಯದು ನನಗಾಗಿ. ವರ್ಷಕ್ಕೆ ಹದಿನೈದು ದಿನ ಬಾ, ಜಾತ್ರೆಗೆ ಬರುವ ನೆಂಟನ ಹಾಗಲ್ಲ. ಮಾರ್ಚಿನಲ್ಲಿ ನನಗೆ ಪರೀಕ್ಷೆ ಕೆಲಸ ಮೈತುಂಬ ಇರುತ್ತದೆ. ಆಗ ಬಂದು ಕುರುಗೋಡಿನ ಮನೆಯಲ್ಲಿರು. ಮಾತ್ರೆ ನೀನು ಕೊಡು, ಬಳ್ಳಾರಿಗೆ ನೀನು ಕರೆದೊಯ್ಯಿ. ಅವ್ವನ ಕಣ್ಣಿನ ಆಪರೇಷನ್ನನ್ನೂ ಆಗಲೇ ಮಾಡಿಸೋಣ. ಡಾಕ್ಟರು ಕಾಯಬಹುದು ಎಂದಿದ್ದಾರೆ.

ಅವರನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಬಾ ಎಂದು ನೀನು ಹೇಳುತ್ತೀ. ನಾನು ಕೇಳಿದೆ. "ಈ ಹೊಸ್ತಿಲಾ ಬಿಟ್ಟು ಎಲ್ಲಿಗೂ ಬರಂಗಿಲ್ಲ" ಎಂದಳು ಅವ್ವ. ಅವರ ಮನೆ, ಅವರ ಇಷ್ಟ. ನಮ್ಮ ಅನುಕೂಲಕ್ಕೆ ಅವರನ್ನು ಕೀಳುವುದು ಬೇಡ. ಅವರೂ ತಮ್ಮ ಪಾಲು ಒಪ್ಪಿಕೊಂಡಿದ್ದಾರೆ. ಡಾಕ್ಟರನ್ನು ಕೇಳದೆ ಅಪ್ಪ ಉಪವಾಸ ಮಾಡುವುದಿಲ್ಲ, ಜೇಬಿನಲ್ಲಿ ಸದಾ ಒಂದು ಪೊಟ್ಟಣ ಸಕ್ಕರೆ ಇರುತ್ತದೆ. ನಿನ್ನ ಸೋದರಸೊಸೆ ಅದರ ಮೇಲೆ "ಚಹಾಕ್ಕಲ್ಲ ತಾತ" ಎಂದು ಬರೆದಿದ್ದಾಳೆ.

ಮೊನ್ನೆ ಮಾತ್ರೆಗಳ ಫೋಟೋ ತೆಗೆದವಳೂ ಅವಳೇ. "ಮಾಮನಿಗೆ ಹೋಂವರ್ಕ್ ಕೊಟ್ಟೀನಿ" ಎನ್ನುತ್ತಿದ್ದಾಳೆ. ಎಲ್ಲ ನಿನ್ನ ಫೋನಿಗೆ ಬಂದಿರಬೇಕು. ಮುಂದಿನ ಸೋಮವಾರ ಬಳ್ಳಾರಿಗೆ ಹೋಗಬೇಕು. ಭಾನುವಾರದೊಳಗೆ ಹಾಳೆ ಕಳಿಸು.

ಇಂತಿ,
ನಿನ್ನ ಅಕ್ಕ