ಹಪ್ಪಳದ ಕಾಲ, ಹಣದ ಕಾಲ

ಹಲಸಿನ ಹಪ್ಪಳಕ್ಕೆ ವರ್ಷದಲ್ಲಿ ಎರಡು ಕಾಲ. ಮಾಡುವ ಕಾಲ ಒಂದು, ತಿನ್ನುವ ಕಾಲ ಇನ್ನೊಂದು. ಕಾಯಿ ಚೆನ್ನಾಗಿ ಬಲಿತಿರಬೇಕು, ಆದರೆ ಹಣ್ಣಾಗಿರಬಾರದು. ಮೇಲೆ ಕಟುಬಿಸಿಲು ಇರಬೇಕು. ಸಾಗರದ ಕಡೆ ಇವೆರಡೂ ಒಟ್ಟಿಗೆ ಸಿಗುವುದು ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಾತ್ರ. ತಿನ್ನುವ ಆಸೆಯಾಗುವುದು ಮಳೆ ಹಿಡಿದ ಮೇಲೆ. ಈ ಎರಡು ಕಾಲಗಳ ನಡುವಿನ ದೂರವೇ ನಮ್ಮ ವ್ಯಾಪಾರದ ನಿಜವಾದ ಬಂಡವಾಳ ಎಂಬುದು ನನಗೆ ಅರ್ಥವಾದದ್ದು ಬೆಂಗಳೂರಿನ ಒಂದು ದೊಡ್ಡ ಸೂಪರ್ ಮಾರ್ಕೆಟ್ ಸರಣಿಯವರ ಜೊತೆ ಮಾತುಕತೆಗೆ ಕೂತಾಗ.

ಹಪ್ಪಳದ ಉಸ್ತುವಾರಿ ಅತ್ತಿಗೆಯದು. ಲೆಕ್ಕ ನನ್ನದು. ಸೊಳೆ ಬಿಡಿಸುವುದು, ಬೇಯಿಸುವುದು, ಖಾರ ಉಪ್ಪು ಹಾಕಿ ರುಬ್ಬುವುದು, ಉಂಡೆ ಕಟ್ಟಿ ಒತ್ತುವುದು, ಚಾಪೆಯ ಮೇಲೆ ಒಣಗಿಸುವುದು – ಇಷ್ಟಕ್ಕೆ ಅಕ್ಕಪಕ್ಕದ ಮನೆಗಳ ಹನ್ನೆರಡು ಹೆಂಗಸರು ಬರುತ್ತಾರೆ. ಅವರಿಗೆ ಕೂಲಿ ಆಯಾ ವಾರವೇ ಕೊಡಬೇಕು. ಕಾಯಿ ಕೊಯ್ದು ತಂದವರಿಗೆ ಅವತ್ತೇ ಸಂಜೆ ಕೊಡಬೇಕು. ಊರಿನ ಅಂಗಡಿಗಳವರು ನೂರಕ್ಕೆ ಇಪ್ಪತ್ತು ಇಟ್ಟುಕೊಂಡು ಉಳಿದದ್ದನ್ನು ಹೆಚ್ಚೆಂದರೆ ತಿಂಗಳೊಳಗೆ ಕೊಡುತ್ತಾರೆ. ಆದರೆ ಆ ಅಂಗಡಿಗಳಲ್ಲಿ ಖರ್ಚಾಗುವುದಕ್ಕೆ ಒಂದು ಮಿತಿ ಇದೆ. ಅದನ್ನು ಮೀರಿ ಮಾಡಬೇಕೆಂದರೆ ಪೇಟೆಗೆ ಹೋಗಲೇಬೇಕು.

ಪೇಟೆಯವರ ಮೊದಲ ಪ್ರಶ್ನೆ ಮಾರ್ಜಿನ್. ಈ ಶಬ್ದವೇ ಒಂದು ಚೂರು ಎಚ್ಚರಿಕೆಯಿಂದ ಕೇಳಿಸಿಕೊಳ್ಳಬೇಕಾದದ್ದು. ಅವರು ಮೂವತ್ತೈದು ಪರ್ಸೆಂಟ್ ಎಂದರೆ ಅದು ಪೊಟ್ಟಣದ ಮೇಲೆ ಅಚ್ಚಾದ ಎಂಆರ್‌ಪಿಯ ಮೇಲೆ. ನಮ್ಮ ಪೊಟ್ಟಣದ ಬೆಲೆ 120 ರೂಪಾಯಿ. ಅದರಲ್ಲಿ 42 ಅವರಿಗೆ, 78 ನಮಗೆ. ನಮ್ಮಿಂದ 78ಕ್ಕೆ ಕೊಂಡದ್ದರ ಮೇಲೆ 42 ಇಟ್ಟುಕೊಂಡರು ಎಂದು ತಿರುಗಿಸಿ ನೋಡಿದರೆ ಅದು ಸುಮಾರು 54 ಪರ್ಸೆಂಟ್. ಎರಡೂ ಒಂದೇ ದುಡ್ಡು. ಯಾವ ಸಂಖ್ಯೆಯ ಮೇಲೆ ಪರ್ಸೆಂಟ್ ಎಂದು ಮೊದಲು ಕೇಳಿಕೊಳ್ಳದಿದ್ದರೆ ಮಾತುಕತೆಯ ಅರ್ಧದಲ್ಲಿ ಇಬ್ಬರೂ ಬೇರೆ ಬೇರೆ ಭಾಷೆ ಆಡುತ್ತಿರುತ್ತಾರೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲದ್ದರಿಂದ ನಮ್ಮ ಲೆಕ್ಕ ಸ್ವಲ್ಪ ಸುಲಭ; ತೆರಿಗೆ ಇರುವ ಸರಕಾದರೆ ಅದನ್ನೂ ಎಂಆರ್‌ಪಿಯೊಳಗಿನಿಂದಲೇ ತೆಗೆಯಬೇಕು.

ಆ 42 ರೂಪಾಯಿಯೂ ಪೂರ್ತಿ ಲಾಭವಲ್ಲ. ಬಾಡಿಗೆ, ಕರೆಂಟು, ಕೆಲಸದವರ ಸಂಬಳ ಎಲ್ಲ ಅದರಲ್ಲೇ ಹೋಗಬೇಕು. ಅಕ್ಕಿ, ಎಣ್ಣೆ ಶೆಲ್ಫಿಗೆ ಇಟ್ಟ ವಾರದಲ್ಲೇ ಖಾಲಿಯಾಗುತ್ತವೆ, ಅವುಗಳಲ್ಲಿ ಕಡಿಮೆ ಮಾರ್ಜಿನ್ ಸಾಕು. ಹಪ್ಪಳ ಅದೇ ಜಾಗದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ, ಆ ಜಾಗದ ಬಾಡಿಗೆಯನ್ನು ಅದೇ ದುಡಿಯಬೇಕು. ಅವರ ಖರೀದಿ ಮ್ಯಾನೇಜರ್ ಇದನ್ನು ವಿವರಿಸಿದಾಗ ನನಗೆ ಅನ್ಯಾಯ ಅನ್ನಿಸಲಿಲ್ಲ. ನಮ್ಮ ಖರ್ಚು, ಮನೆಯವರ ಕೂಲಿಯೂ ಸೇರಿ 58. ನೆಲಮಂಗಲದ ಹತ್ತಿರ ಇದ್ದ ಅವರ ಗೋದಾಮಿಗೆ ಮುಟ್ಟಿಸಲು ಐದು ರೂಪಾಯಿ. ಒಟ್ಟು 63. ಅವರು ಕೊಡುವುದು 78. ಹದಿನೈದು ಉಳಿಯುತ್ತದಲ್ಲ ಎಂದು ಅತ್ತಿಗೆ ನನ್ನ ಮುಖ ನೋಡಿದರು.

ಆ ಹದಿನೈದು ಎಲ್ಲೆಲ್ಲಿ ಸೋರುತ್ತದೆ ಎಂಬುದು ಒಪ್ಪಂದದ ಕೊನೆಯ ಹಾಳೆಗಳಲ್ಲಿತ್ತು. ಗೋದಾಮಿನಿಂದ ಅಂಗಡಿಗಳಿಗೆ ಸಾಗಿಸುವ ಖರ್ಚೆಂದು ನಮ್ಮ ಬಿಲ್ಲಿನಲ್ಲಿ ಮೂರು ಪರ್ಸೆಂಟ್, ಒಡೆದು ಹಾಳಾಗುವುದಕ್ಕೆ ಎರಡು ಪರ್ಸೆಂಟ್. ಅಲ್ಲಿಗೆ ಮೂರು ರೂಪಾಯಿ ತೊಂಬತ್ತು ಪೈಸೆ ಹೋಯಿತು. ಹಬ್ಬದ ಆಫರ್ ದಿನಗಳಲ್ಲಿ ಗಿರಾಕಿಗೆ ಕೊಡುವ ಹತ್ತು ಪರ್ಸೆಂಟ್ ರಿಯಾಯಿತಿ ಪೂರ್ತಿ ನಮ್ಮದು, ಅಂದರೆ ಪೊಟ್ಟಣಕ್ಕೆ 12 ರೂಪಾಯಿ. ಮಾರಾಟದ ಕಾಲುಭಾಗ ಆ ದಿನಗಳಲ್ಲೇ ಆಗುತ್ತದೆಂದು ಹಿಡಿದರೆ ಎಲ್ಲ ಪೊಟ್ಟಣಗಳಿಗೂ ಹಂಚಿ ಮೂರು ರೂಪಾಯಿ. ಉಳಿದದ್ದು ಎಂಟು ರೂಪಾಯಿ ಹತ್ತು ಪೈಸೆ. ಇನ್ನು ಬಡ್ಡಿ. ಮೇ ಕೊನೆಗೆ ಮಾಡಿ ಮುಗಿಸಿದ ಹಪ್ಪಳ ಡಬ್ಬದಲ್ಲಿ ಸರಾಸರಿ ಐದು ತಿಂಗಳು ಕಾಯುತ್ತದೆ, ಕಳಿಸಿದ ಮೇಲೆ ದುಡ್ಡಿಗೆ ಇನ್ನೆರಡು ತಿಂಗಳು. ವರ್ಷಕ್ಕೆ ಹನ್ನೆರಡು ಪರ್ಸೆಂಟಿನ ಸಾಲದಲ್ಲಿ 63 ರೂಪಾಯಿಗೆ ಏಳು ತಿಂಗಳ ಬಡ್ಡಿ ನಾಲ್ಕು ರೂಪಾಯಿ ನಲವತ್ತು ಪೈಸೆ. ಕೊನೆಗೆ ಕೈಯಲ್ಲಿ ಉಳಿಯುವುದು ಮೂರೂ ಮುಕ್ಕಾಲು ರೂಪಾಯಿಯೂ ಅಲ್ಲ.

ಮಾರ್ಜಿನ್ ಒಂದನ್ನೇ ಎಳೆದಾಡುವವರು ಸೋಲುವುದು ಇಲ್ಲಿ. ಮೂವತ್ತೈದನ್ನು ಮೂವತ್ಮೂರಕ್ಕೆ ಇಳಿಸಿದೆವೆಂದು ಖುಷಿಪಟ್ಟು ಬಂದರೆ ಆ ಎರಡೂ ಚಿಲ್ಲರೆ ರೂಪಾಯಿ ಒಂದು ಹೆಚ್ಚುವರಿ ಆಫರ್ ವಾರದಲ್ಲಿ ವಾಪಸು ಹೋಗಿರುತ್ತದೆ. ಹಾಗಾಗಿ ನಾವು ಒಪ್ಪಂದ ಓದಿದ್ದು ಹಿಂದಿನಿಂದ ಮುಂದಕ್ಕೆ. ಆಫರಿನ ಖರ್ಚು ಅರ್ಧ ಅವರದು, ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಆಫರ್ ಇಲ್ಲ. ಒಡೆದದ್ದಕ್ಕೆ ಎರಡು ಪರ್ಸೆಂಟ್ ಕೊಟ್ಟ ಮೇಲೆ ಅದೇ ಕಾರಣಕ್ಕೆ ಬೇರೆ ಡೆಬಿಟ್ ನೋಟ್ ಇಲ್ಲ. ಡೆಬಿಟ್ ನೋಟ್ ಎಂದರೆ ನಮ್ಮ ಬಾಕಿಯಿಂದ ಅವರು ಕಡಿದುಕೊಂಡ ಚೀಟಿ. ಹಪ್ಪಳ ಒಡೆಯುವ ಸರಕು, ಆದ್ದರಿಂದ ಈ ಎರಡನೆಯ ಸಾಲು ಇಲ್ಲದಿದ್ದರೆ ಮೊದಲ ಸಾಲಿನ ಎರಡು ಪರ್ಸೆಂಟಿಗೆ ಅರ್ಥವೇ ಇರುವುದಿಲ್ಲ.

ಆಮೇಲೆ ದಿನಗಳ ಮಾತು ಬಂತು. ಅವರ ಪತ್ರದಲ್ಲಿ 60 ದಿನ ಎಂದಿತ್ತು. ಎಲ್ಲಿಂದ ಅರವತ್ತು? ಗೋದಾಮಿನವರು ಎಣಿಸಿ ಜಿಆರ್‌ಎನ್, ಅಂದರೆ ಸರಕು ಮುಟ್ಟಿದ ರಸೀದಿ, ಹಾಕಿದ ದಿನದಿಂದ. ಫೆಬ್ರವರಿ 3ಕ್ಕೆ ಸಾಗರದಿಂದ ಹೊರಟ ಸರಕಿಗೆ ಇಳಿಸುವ ಸರದಿ ಸಿಗುವುದು 6ಕ್ಕೆ, ಜಿಆರ್‌ಎನ್ ಆಗುವುದು 9ಕ್ಕೆ ಎಂದಿಟ್ಟುಕೊಳ್ಳಿ. ಅರವತ್ತು ದಿನ ತುಂಬುವುದು ಏಪ್ರಿಲ್ 10ಕ್ಕೆ. ಹಣ ಹಾಕುವುದು ತಿಂಗಳ 15 ಮತ್ತು 30ರಂದು ಮಾತ್ರ, ಅಲ್ಲಿಗೆ ಏಪ್ರಿಲ್ 15. ಕಾಗದದ ಅರವತ್ತು ದಿನ ನಮ್ಮ ಪಾಲಿಗೆ ಎಪ್ಪತ್ತೊಂದು.

ಇದಕ್ಕೆ ಕಾನೂನಿನಲ್ಲಿ ಒಂದು ಗೆರೆ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಮತ್ತು ಅತಿಸಣ್ಣ ತಯಾರಕರಿಗೆ ಲಿಖಿತ ಒಪ್ಪಂದದಲ್ಲಿಯೂ 45 ದಿನ ಮೀರುವಂತಿಲ್ಲ. ಎಣಿಕೆ ಶುರುವಾಗುವುದು ಸರಕು ಮುಟ್ಟಿಸಿದ ದಿನದಿಂದ. ಕೊಂಡವರು ಹದಿನೈದು ದಿನದೊಳಗೆ ಲಿಖಿತವಾಗಿ ತಕರಾರು ಎತ್ತಿದರೆ ಮಾತ್ರ ಅದು ಬಗೆಹರಿದ ದಿನದಿಂದ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ದೂರು ಕೊಟ್ಟು ಆ ಬಡ್ಡಿ ವಸೂಲಿ ಮಾಡಿದವರಿಗೆ ಮುಂದಿನ ಆರ್ಡರ್ ಬರುವುದು ಕಷ್ಟ. ಹಾಗಾಗಿ ಈ ಕಾನೂನು ಹೆಚ್ಚು ಕೆಲಸ ಮಾಡುವುದು ಜಗಳದಲ್ಲಲ್ಲ, ಸಹಿಗೆ ಮುಂಚೆ. ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆಯೇ ಅಚ್ಚು ಹಾಕಿಸಿ ಮೇಜಿನ ಮೇಲಿಟ್ಟೆವು. 2023ರ ಹಣಕಾಸು ಕಾಯ್ದೆ ಬಂದ ಮೇಲೆ, ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಂಡವರು ಹಣ ಕೊಡುವವರೆಗೂ ತಮ್ಮ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಹೀಗಾಗಿ ಮ್ಯಾನೇಜರ್ ಒಪ್ಪದಿದ್ದರೂ ಅವರ ಲೆಕ್ಕಪತ್ರ ವಿಭಾಗದವರಿಗೆ 45 ಎಂಬ ಸಂಖ್ಯೆ ಚೆನ್ನಾಗಿ ಗೊತ್ತಿರುತ್ತದೆ.

ಮ್ಯಾನೇಜರ್ ಜಾಣರು. ಒಂದು ಅದಲುಬದಲು ಮುಂದಿಟ್ಟರು. "ಮೇಡಂ, 45 ಎಂದೇ ಬರೆಯೋಣ. ಆದ್ರೆ ಸ್ವಲ್ಪ ಹಿಂದೆಮುಂದೆ ಆದ್ರೆ ಕೇಳ್ಬಾರ್ದು. ಅದಕ್ಕೆ ಮಾರ್ಜಿನ್‌ನಲ್ಲಿ ಒಂದು ಪರ್ಸೆಂಟ್ ಬಿಡ್ತೀನಿ" ಎಂದರು. ನಾನು ಕೂತಲ್ಲೇ ಲೆಕ್ಕ ಹಾಕಿದೆ. ಒಂದು ಪರ್ಸೆಂಟ್ ಎಂದರೆ ಪೊಟ್ಟಣಕ್ಕೆ ಒಂದು ರೂಪಾಯಿ ಇಪ್ಪತ್ತು ಪೈಸೆ. ಹದಿನೈದು ದಿನದ ಬಡ್ಡಿ ಬರೀ ಮೂವತ್ತೆರಡು ಪೈಸೆ. ಬಡ್ಡಿಯ ಲೆಕ್ಕದಲ್ಲಿ ಅವರ ಮಾತು ನಮಗೆ ಲಾಭ. ಅತ್ತಿಗೆ ಒಪ್ಪಲಿಲ್ಲ.

"ಸರ್, ನಮಗೆ ದುಡ್ಡು ಬೇಕಾಗೋದು ಏಪ್ರಿಲ್‌ನಲ್ಲಿ. ಜುಲೈನಲ್ಲಿ ನೀವು ಎರಡು ಪಟ್ಟು ಕೊಟ್ರೂ ಆಗ ಕಾಯಿ ಇರಲ್ಲ, ಬಿಸಿಲೂ ಇರಲ್ಲ" ಎಂದರು.

ಅವರು ಹೇಳಿದ್ದರ ಲೆಕ್ಕವನ್ನು ಆಮೇಲೆ ಬರೆದು ನೋಡಿದೆ. ಏಪ್ರಿಲ್‌ನಲ್ಲಿ ಒಂದು ಲಕ್ಷ ರೂಪಾಯಿ ಪೇಟೆಯಲ್ಲಿ ಸಿಕ್ಕಿಕೊಂಡರೆ ಎರಡು ತಿಂಗಳ ಬಡ್ಡಿ ಎರಡು ಸಾವಿರ. ಆದರೆ ನಮ್ಮ ಸಾಲದ ಮಿತಿ ಆಗಲೇ ತುಂಬಿರುತ್ತದೆ, ಬಡ್ಡಿ ಕೊಡುತ್ತೇನೆಂದರೂ ಇನ್ನೊಂದು ಲಕ್ಷ ಹುಟ್ಟುವುದಿಲ್ಲ. ಪೊಟ್ಟಣಕ್ಕೆ ಕಾಯಿ, ಕೂಲಿಗೆಂದು 50 ರೂಪಾಯಿ ಹಿಡಿದರೂ ಎರಡು ಸಾವಿರ ಪೊಟ್ಟಣ ಮಾಡದೇ ಉಳಿಯುತ್ತವೆ. ಅವುಗಳಲ್ಲಿ ಅರ್ಧ ಮಾತ್ರ ಊರಿನ ಅಂಗಡಿಗಳಲ್ಲಿ ಹೋದರೂ, ಅಲ್ಲಿ ಪೊಟ್ಟಣಕ್ಕೆ ಮೂವತ್ತು ರೂಪಾಯಿ ಉಳಿಯುವುದರಿಂದ, ನಷ್ಟ ಮೂವತ್ತು ಸಾವಿರ. ಎರಡು ಸಾವಿರವಲ್ಲ. ತಡವಾದ ಹಣದ ಬೆಲೆಯನ್ನು ಬಡ್ಡಿ ದರದಿಂದ ಅಳೆಯುವುದು ಬೇಕಾದಾಗ ಸಾಲ ಸಿಗುವವರ ಅಳತೆ. ಸಿಗದವರಿಗೆ ಅದರ ಬೆಲೆ ಆ ಹಣದಿಂದ ಮಾಡಲಾಗದೆ ಹೋದ ಸರಕಿನದು.

ಈ ಲೆಕ್ಕ ತಿಳಿದ ಮೇಲೆ ಕೇಳಬೇಕಾದದ್ದೂ ಸ್ಪಷ್ಟವಾಯಿತು. ವರ್ಷವಿಡೀ ಬೇಗ ಕೊಡಿ ಎಂದರೆ ಅವರಿಗೆ ಭಾರ. ಜನವರಿಯಿಂದ ಏಪ್ರಿಲ್‌ವರೆಗಿನ ಬಿಲ್ಲುಗಳಿಗೆ ಮಾತ್ರ 21 ದಿನ, ಉಳಿದವಕ್ಕೆ 45, ಎರಡೂ ಗೋದಾಮಿಗೆ ಮುಟ್ಟಿಸಿದ ದಿನದಿಂದ ಎಂದು ಕೇಳಿದೆವು. ಬೇಸಿಗೆಯಲ್ಲಿ ಹಪ್ಪಳದ ಮಾರಾಟ ಕಡಿಮೆ, ಆ ತಿಂಗಳುಗಳ ಬಿಲ್ಲು ಅವರ ಲೆಕ್ಕದಲ್ಲಿ ಒಂದು ಚುಕ್ಕೆ. ನಮಗೆ ಅದೇ ಇಡೀ ವರ್ಷದ ಬೀಜ. ಬದಲಿಗೆ ಮೂವತ್ತೈದು ಪರ್ಸೆಂಟ್ ಹಾಗೇ ಇರಲಿ ಎಂದೆವು, ಒಂದೇ ಸಲ ದೊಡ್ಡ ಲೋಡ್ ಕಳಿಸದೆ ಹತ್ತು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕಳಿಸಲು ಒಪ್ಪಿದೆವು. ಮ್ಯಾನೇಜರ್ ಎರಡು ಫೋನ್ ಮಾಡಿ, ಮೂರನೇ ಭೇಟಿಯಲ್ಲಿ ಸಹಿ ಹಾಕಿಸಿದರು. ಆಫರಿನ ಅರ್ಧ ಖರ್ಚು ಅವರ ಪಾಲಿಗೆ ಹೋಗಿ, ಬಡ್ಡಿಯೂ ಚೂರು ಇಳಿದು, ಪೊಟ್ಟಣಕ್ಕೆ ಉಳಿಯುವುದು ಐದೂವರೆ ರೂಪಾಯಿ ಆಯಿತು.

ಐದೂವರೆ ದೊಡ್ಡ ಮೊತ್ತವೇನಲ್ಲ. ಅದಕ್ಕೇ ನಾವು ಮಾಡಿದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅವರಿಗೆ ಕೊಡುವುದಿಲ್ಲ. ಒಬ್ಬರ ಒಂದು ಬಿಲ್ಲು ನಿಂತರೆ ಒಲೆ ಆರಬಾರದು. ತಿಂಗಳಿಗೊಮ್ಮೆ ನಾನು ಕೂತು ಕಳಿಸಿದ ಪೊಟ್ಟಣ, ಜಿಆರ್‌ಎನ್‌ನಲ್ಲಿ ಬರೆದ ಪೊಟ್ಟಣ, ಬಂದ ಹಣ ಈ ಮೂರನ್ನೂ ಅಕ್ಕಪಕ್ಕ ಬರೆಯುತ್ತೇನೆ. ಮೂರೂ ಒಂದಕ್ಕೊಂದು ಹೊಂದದ ಕಡೆ ಅದೇ ವಾರ ಪತ್ರ ಹೋಗುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ತಡವಾದರೆ ಅತ್ತಿಗೆ ತಲೆಕೆಡಿಸಿಕೊಳ್ಳುವುದಿಲ್ಲ. ಫೆಬ್ರವರಿ ಬಿಲ್ಲು ಇಪ್ಪತ್ತೆರಡನೇ ದಿನಕ್ಕೆ ಬರದಿದ್ದರೆ ಮಾತ್ರ ಬೆಳಿಗ್ಗೆ ಅಂಗಳ ಗುಡಿಸುವುದಕ್ಕೂ ಮೊದಲು ಬೆಂಗಳೂರಿಗೆ ಫೋನ್ ಹಚ್ಚುತ್ತಾರೆ.